ಪರಿಚಯದಿಂದ ಹೊಡೆದುಹಾಕಿದ ಒಂದು ಸಾಲು

ಮಂಡ್ಯದಲ್ಲಿ ನಾನು ಎಂ.ಎ. ಎರಡನೇ ವರ್ಷ ಓದುತ್ತಿದ್ದಾಗ ನಮ್ಮ ಕಾಲೇಜಿನಲ್ಲಿ ವಿಚಾರ ಸಂಕಿರಣವೊಂದು ನಡೆಯಿತು. ವಿದ್ಯಾರ್ಥಿಗಳು ಪ್ರಬಂಧ ಮಂಡಿಸುವ ಕೊಠಡಿಗೆ ನಾನು ಸ್ವಯಂಸೇವಕಿ. ಮೈಕು ನೋಡಿಕೊಳ್ಳುವುದು, ಎಂಟು ನಿಮಿಷವಾದಾಗ ‘ಇನ್ನೆರಡು ನಿಮಿಷ’ ಎಂದು ಬರೆದ ರಟ್ಟನ್ನು ಎತ್ತಿ ಹಿಡಿಯುವುದು, ಇಷ್ಟೇ ನನ್ನ ಕೆಲಸ. ಪರಿಚಯ ಮಾಡಿಕೊಡಬೇಕಿದ್ದವಳು ನನ್ನ ಸಹಪಾಠಿ. ಅವತ್ತು ಬೆಳಿಗ್ಗೆ ನೋಡಿದರೆ ಅವಳ ಗಂಟಲು ಕಟ್ಟಿ, ಮಾತೇ ಹೊರಡುತ್ತಿರಲಿಲ್ಲ.

ನಮ್ಮ ಮೇಷ್ಟ್ರು ಫೈಲನ್ನು ನನ್ನ ಕೈಗಿಟ್ಟರು. “ನೀನೇ ಮಾಡ್ಬುಡು ಕಣಮ್ಮ. ಪರಿಚಯ ತಾನೇ? ನಾಕು ಮಾತು.”

ಗೋಷ್ಠಿಗೆ ಇನ್ನು ಏಳು ನಿಮಿಷವಿತ್ತು. ಫೈಲಿನಲ್ಲಿ ಎಲ್ಲರ ಸ್ವಪರಿಚಯವೂ ಇತ್ತು, ಮೊದಲು ಮಂಡಿಸಬೇಕಿದ್ದವಳದೊಂದು ಬಿಟ್ಟು. ಅವಳ ಹೆಸರು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿತ್ತು. ಎರಡು ಥರ ಓದಬಹುದಿತ್ತು.

ಅವಳು ಮುಂದಿನ ಸಾಲಿನಲ್ಲಿ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮಳವಳ್ಳಿಯಿಂದ ಬಂದ ಬಿ.ಎ. ಕೊನೆಯ ವರ್ಷದ ಹುಡುಗಿ. ಪಕ್ಕದಲ್ಲಿ ಕೂತು, ಮೊದಲು ಅವಳ ಬಾಯಿಂದಲೇ ಹೆಸರು ಹೇಳಿಸಿದೆ. ಹೇಳಿದಂತೆ ಕನ್ನಡದಲ್ಲಿ ಬರೆದುಕೊಂಡೆ. ತರಗತಿ, ಕಾಲೇಜು, ಪ್ರಬಂಧದ ಶೀರ್ಷಿಕೆ ಕೇಳಿದೆ. ಅವಳ ಊರಿನ ಸುತ್ತಲ ಗದ್ದೆಗಳ ಹೆಸರುಗಳ ಬಗ್ಗೆ ಪ್ರಬಂಧ.

“ಇಷ್ಟೊಂದು ಹೆಸರು ಹೆಂಗೆ ಕಲೆಹಾಕ್ದೆ?”

“ನಮ್ಮವ್ವ ಕೂಲಿಗೆ ಓಯ್ತಾಳೆ ಕಣಕ್ಕ. ರಜಾದಲ್ಲಿ ನಾನೂ ಓಯ್ತಿದ್ದೆ. ನಾಟಿ ಆಕ್ತಾ ಆಕ್ತಾ ಎಲ್ರನ್ನೂ ಕೇಳ್ಕಂಡು ಬರ್ಕಂಡೆ.”

ನನಗೆ ನಿಧಿ ಸಿಕ್ಕಿದಂತಾಯಿತು. ‘ತಾಯಿ ಕೂಲಿ ಮಾಡುವ ಗದ್ದೆಗಳಿಂದಲೇ ಪ್ರಬಂಧ ಕಟ್ಟಿ ತಂದ ಪ್ರತಿಭೆ’ ಎಂದು ಬರೆದು ಅವಳಿಗೆ ಓದಿ ಹೇಳಿದೆ. ಚಪ್ಪಾಳೆ ಆಗಲೇ ನನ್ನ ಕಿವಿಗೆ ಬೀಳುತ್ತಿತ್ತು.

ಅವಳ ಮುಖ ಬಿಗಿಯಾಯಿತು. “ಅದೊಂದ ಯೋಳ್ಬ್ಯಾಡಿ ಅಕ್ಕ.”

“ಯಾಕೆ, ನಾಚಿಕೆನಾ?”

“ನಾಚ್ಕೆ ಯಾಕೆ? ದುಡುದು ತಿಂತೀವಿ. ನೀವು ಮೊದ್ಲೇ ಅದ ಅಂದ್ಬುಟ್ರೆ ಎಲ್ರೂ ಅಯ್ಯೋ ಪಾಪ ಅಂತ್ಲೇ ಕೇಳ್ತಾರೆ. ನಾನು ತಪ್ಪು ಮಾಡುದ್ರೂ ಯಾರೂ ತೋರ್ಸಕಿಲ್ಲ.”

ನಾನೂ ಗದ್ದೆ ಬಯಲಿನವಳೇ, ಆದರೆ ನಮ್ಮದು ನೆಲವಿದ್ದ ಮನೆ. ಕೊತ್ತತ್ತಿಯ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಹೆಂಗಸರ ಮಕ್ಕಳು ಏನು ಓದುತ್ತಾರೆ ಎಂದು ಒಂದು ದಿನವೂ ಕೇಳಿದವಳಲ್ಲ. ಈಗ ಅಂಥ ತಾಯಿಯೊಬ್ಬಳನ್ನು ನನ್ನ ಒಂದು ಸಾಲಿನ ಅಂದಕ್ಕೆ ಬಳಸಲು ಹೊರಟಿದ್ದೆ, ಅದೂ ಒಳ್ಳೆಯ ಮನಸ್ಸಿನಿಂದಲೇ.

ಸಾಲನ್ನು ಹೊಡೆದುಹಾಕಿದೆ. “ಮತ್ತೇನು ಹೇಳ್ಲಿ?”

ಅವಳು ತುಸು ಯೋಚಿಸಿದಳು. “ಪಹಣೀಲಿ ಬರೀ ಸರ್ವೆ ನಂಬರ್ ಅದೆ. ಎಸ್ರು ಜನದ ಬಾಯಲ್ಲಿ ಮಾತ್ರ ಅವೆ. ಅದ ಯೋಳಿ.”

ವೇದಿಕೆಯಲ್ಲಿ ನಿಂತಾಗ ಕಾಗದದ ಮೇಲೆ ಹೊಡೆದುಹಾಕಿದ ಸಾಲೇ ಎದ್ದು ಕಾಣುತ್ತಿತ್ತು. ನಾಲಿಗೆ ಅತ್ತಲೇ ಎಳೆಯಿತು. ಒಂದು ಕ್ಷಣ ತಡೆದೆ. ಆಮೇಲೆ ಅವಳ ಹೆಸರು, ತರಗತಿ, ಕಾಲೇಜು ಹೇಳಿ, “ಪಹಣಿಯಲ್ಲಿ ಬರಿಯ ಸಂಖ್ಯೆಗಳಾಗಿರುವ ಗದ್ದೆಗಳಿಗೆ ಜನರ ಬಾಯಲ್ಲಿ ಇರುವ ಹೆಸರುಗಳನ್ನು ಇವರು ತಾವೇ ಕೇಳಿ ಸಂಗ್ರಹಿಸಿದ್ದಾರೆ” ಎಂದೆ. ಶೀರ್ಷಿಕೆ ಓದಿ, ಮಂಡನೆಗೆ ಹತ್ತು ನಿಮಿಷ ಎಂದು ತಿಳಿಸಿ ಕೆಳಗಿಳಿದೆ. ಒಂದು ನಿಮಿಷವೂ ಆಗಿರಲಿಲ್ಲ. ಚಪ್ಪಾಳೆ ಬೀಳಲಿಲ್ಲ. “ಇಷ್ಟೇಯಾ?” ಎಂಬಂತೆ ಮೇಷ್ಟ್ರು ಹುಬ್ಬೇರಿಸಿದರು.

ಅವಳು ಮೊದಲು ತಡವರಿಸಿದಳು, ಆಮೇಲೆ ಸರಾಗವಾಗಿ ಓದಿದಳು. ನಾನು ರಟ್ಟು ಎತ್ತಿದಾಗ ಎರಡು ಪುಟ ಹಾರಿಸಿ ಮುಗಿಸಿದಳು. ಗೋಷ್ಠಿಯ ಅಧ್ಯಕ್ಷೆ ವಯಸ್ಸಾದ ಪ್ರಾಧ್ಯಾಪಕಿ. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಕೆಂಚನಗದ್ದೆ ಅಂದರೆ ಕೆಂಪು ಮಣ್ಣಿನ ಗದ್ದೆ ಅಂದ್ರಿ. ಹಾಗಾದರೆ ನಡುವೆ ಆ ‘ನ’ ಯಾಕೆ ಬಂತು? ಕೆಂಚ ಅನ್ನೋ ಮನುಷ್ಯನ ಗದ್ದೆ ಯಾಕಾಗಿರಬಾರದು?”

ಅವಳು ತನ್ನ ಹಾಳೆ ನೋಡಿದಳು, ತಲೆ ಎತ್ತಿದಳು. “ನಾನು ಹಂಗೆ ಯೋಚ್ನೆ ಮಾಡಿರ್ಲಿಲ್ಲ ಮೇಡಂ. ನನ್ನ ಅರ್ಥ ತಪ್ಪಿರಬಹುದು. ಮತ್ತೆ ಕೇಳ್ಕೊಂಡು ಬರ್ತೀನಿ.”

“ಕೇಳಿ ಬನ್ನಿ. ತಿದ್ದಿ ಬರೆದು ನನಗೆ ಕಳಿಸಿ,” ಎಂದರು ಅಧ್ಯಕ್ಷೆ. ತಮ್ಮ ವಿಳಾಸವನ್ನು ಚೀಟಿಯಲ್ಲಿ ಬರೆದೂ ಕೊಟ್ಟರು.

ಸಂಕಿರಣಗಳಲ್ಲಿ ವಿದ್ಯಾರ್ಥಿಗಳ ಬೆನ್ನು ತಟ್ಟಿ ಕಳಿಸುವುದನ್ನೇ ನಾನು ಕಂಡಿದ್ದು. ಹೀಗೆ ಒಂದು ಅಕ್ಷರ ಹಿಡಿದು ನಿಲ್ಲಿಸಿ ಕೇಳಿದ್ದನ್ನು ಅವತ್ತೇ ನೋಡಿದೆ. ನನ್ನ ಆ ಸಾಲು ಹೇಳಿದ್ದರೆ ಅಧ್ಯಕ್ಷೆ ಹೀಗೆ ಕೇಳುತ್ತಿದ್ದರೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಚಹಾ ವಿರಾಮದಲ್ಲಿ ಹೊರಗೆ ಬಂದಾಗ ಅವಳು ಜಗುಲಿಯ ಕಂಬಕ್ಕೆ ಒರಗಿ ಫೋನಿನಲ್ಲಿದ್ದಳು. ಲೋಟದ ಚಹಾ ಕೆನೆಗಟ್ಟುತ್ತಿತ್ತು.

“ಅವ್ವೋ, ಅದಿರ್ಲಿ, ಊಟ ಆಮೇಕೆ. ಕೆಂಚ ಅಂತ ಯಾರಾರ ಇದ್ರೇನವ್ವ ಮೊದ್ಲು? ಅಲ್ಲೇ ಯಾರ್ನಾರ ಕೇಳು, ನಾನು ಫೋನ್ ಇಡ್ಕಂಡೇ ಇರ್ತೀನಿ.”