ಗೋಪಾಲ ಗುನುಗುತ್ತಿದ್ದ ರಾಗ

ತುಮಕೂರಿನ ಸಿಂಧೂರ ದೆಹಲಿಗೆ ಬಂದು ಏಳು ವರ್ಷವಾಗಿತ್ತು. ಇಂದಿರಾಪುರಂನ ಒಂದು ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಗೆಳತಿಯರ ಜೊತೆ ಇದ್ದುಕೊಂಡು, ನೋಯ್ಡಾದ ಪುಟ್ಟ ವಿಡಿಯೋ ಸ್ಟುಡಿಯೋ ಒಂದರಲ್ಲಿ ಎಡಿಟರ್ ಆಗಿದ್ದಳು. ಕಾರ್ಖಾನೆ, ಕಾಲೇಜು, ಬಿಲ್ಡರುಗಳಿಗೆ ಬೇಕಾದ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಯಾವ ದೃಶ್ಯದ ಕೆಳಗೆ ಯಾವ ಸಂಗೀತ ಕೂರುತ್ತದೆ ಎಂಬುದರಲ್ಲಿ ಅವಳ ಕಿವಿ ತಪ್ಪುವುದಿಲ್ಲ ಎಂದು ಮಾಲೀಕ ಇಂದುಶೇಖರ್ ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಮೈಸೂರಿನವರು. ಮೂವತ್ತು ವರ್ಷದ ದೆಹಲಿ ಅವರ ಕನ್ನಡಕ್ಕೆ ಅರ್ಧ ಹಿಂದಿ ಬೆರೆಸಿತ್ತು.

ಹಿಂದಿನ ಚಳಿಗಾಲದಲ್ಲಿ ಗ್ರೇಟರ್ ನೋಯ್ಡಾದ ಏಸಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸುವ ದೊಡ್ಡ ಸ್ಟೀಮರ್ ಸಿಡಿಯಿತು. ಅಡುಗೆಯವ ಗೋಪಾಲ ಸತ್ತ. ಕುಂದಾಪುರದ ಕಡೆಯವನು, ಗುತ್ತಿಗೆಯ ಮೇಲೆ ಹನ್ನೊಂದು ವರ್ಷ ಅಲ್ಲೇ ಬೇಯಿಸಿದವನು. ಸುರಕ್ಷತೆಯ ಬಗ್ಗೆ ಕೆಲಸಗಾರರಿಗೆ ತೋರಿಸಲು ಕಂಪನಿಗೆ ಒಂದು ಚಿತ್ರ ಬೇಕಾಯಿತು, ಕೆಲಸ ಇಂದುಶೇಖರ್ ಅವರ ಸ್ಟುಡಿಯೋಗೆ ಬಂತು. ಅದರಲ್ಲಿ ಗೋಪಾಲನ ಹೆಂಡತಿ ಲೋಲಾಕ್ಷಿ ಮಾತಾಡಬೇಕು. ಅವಳು ಹಿಂದಿಯಲ್ಲಿ ತಡವರಿಸುತ್ತಾಳೆಂದು ಸಿಂಧೂರಳನ್ನೇ ಶೂಟಿಂಗಿಗೆ ಕಳಿಸಿದರು.

ಲೋಲಾಕ್ಷಿ ಕ್ಯಾಮೆರಾದ ಮುಂದೆ ಅಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ಗಂಡ ಮನೆಯಲ್ಲಿ ಹೇಗಿರುತ್ತಿದ್ದ ಎಂದು ಸಿಂಧೂರ ಕೇಳಿದಾಗ ಮಾತ್ರ, ಕಾಯಿ ತುರಿಯುವಾಗ ಅವನು ಗುನುಗುತ್ತಿದ್ದ ರಾಗವೊಂದನ್ನು ತಾನೇ ಗುನುಗಿದಳು. ಇಪ್ಪತ್ತು ಸೆಕೆಂಡು ಇರಬಹುದು.

"ಎಲ್ಲಿಯೂ ಕೇಳಿ ಕಲಿತದ್ದಲ್ಲ ಇದು. ಅವರೇ ಕಟ್ಟಿದ್ದು," ಎಂದಳು.

ಎಡಿಟಿಂಗಿಗೆ ಕೂತಾಗ ಸಿಂಧೂರಳಿಗೆ ಸಂಗೀತವೇ ಸಿಗಲಿಲ್ಲ. ಮಾತಿನಲ್ಲಿ ಭಾವ ವಿವರಿಸಿದರೆ ಯಂತ್ರವೇ ಹಾಡು ಹೊಸೆದುಕೊಡುವ ಆನ್‌ಲೈನ್ ಎಐ ಸೇವೆಯೊಂದಕ್ಕೆ ಸ್ಟುಡಿಯೋ ಚಂದಾ ಕಟ್ಟಿತ್ತು. ದುಃಖ, ನಿಧಾನ, ಪಿಯಾನೊ ಎಂದು ಬರೆದಳು. ಎರಡು ಬಂದವು. ಪಿಟೀಲು ಎಂದಳು, ಇನ್ನೆರಡು. ಯಾವುದನ್ನು ಹಾಕಿದರೂ ಲೋಲಾಕ್ಷಿ ಧಾರಾವಾಹಿಯ ಹೆಂಗಸಿನಂತೆ ಕಾಣುತ್ತಿದ್ದಳು. ಅವಳು ಅಳದೆ ಕೂತಿದ್ದಾಗ ಸಂಗೀತ ಅವಳ ಬದಲಿಗೆ ಗೋಳಿಡುತ್ತಿತ್ತು.

ಇಂದುಶೇಖರ್ ಹಿಂದೆ ನಿಂತು ನೋಡಿ, ಆ ಗುನುಗನ್ನೇ ಅಪ್‌ಲೋಡ್ ಮಾಡಿ ಬೆಳೆಸು ಎಂದರು. ಅಪ್‌ಲೋಡ್ ಮಾಡುವಾಗ ಪರದೆಯ ಮೇಲೆ ಟಿಕ್ ಹಾಕಬೇಕಾದ ಒಂದು ಚೌಕ ಬಂತು: ಈ ಧ್ವನಿಯ ಹಕ್ಕು ನನ್ನದು, ಇಲ್ಲವೇ ಬಳಸಲು ನನಗೆ ಅನುಮತಿ ಇದೆ. ಸಿಂಧೂರಳ ಕೈ ನಿಂತಿತು. ಲೋಲಾಕ್ಷಿ ಸಹಿ ಹಾಕಿದ ಒಪ್ಪಿಗೆಪತ್ರದಲ್ಲಿ ಅವಳ ಮುಖ ಮತ್ತು ದನಿಯ ಮಾತಿತ್ತು, ರಾಗದ ಮಾತಿರಲಿಲ್ಲ. ಅದನ್ನೇ ಹೇಳಿದಳು.

"ಅರೇ, ನಮ್ಮದು ಪೇಯ್ಡ್ ಪ್ಲಾನು. ವ್ಯಾಪಾರಕ್ಕೆ ಬಳಸಬಹುದು ಅಂತ ಅವರೇ ಬರೆದಿದ್ದಾರಲ್ಲ," ಎಂದರು ಇಂದುಶೇಖರ್.

ಸೇವೆಯವರು ತಮ್ಮ ಕಡೆಯ ಹಕ್ಕನ್ನಷ್ಟೇ ಬಿಟ್ಟುಕೊಡಬಲ್ಲರು, ಗೋಪಾಲನದ್ದನ್ನಲ್ಲ ಎಂದು ಸಿಂಧೂರಳಿಗೆ ಗೊತ್ತಿತ್ತು. ಒಂದು ಫೋನು ಮಾಡಿ ಕೇಳಬಹುದಿತ್ತು. ಆದರೆ ಸಂಜೆಗೆ ಚಿತ್ರ ತೋರಿಸಬೇಕಿತ್ತು. ಚೌಕ ಒತ್ತಿದಳು.

ಬಂದದ್ದನ್ನು ಅವಳು ಮತ್ತೆ ಮತ್ತೆ ಹಾಕಿ ಕೇಳಿದಳು. ಕೊಳಲಿನಲ್ಲಿ ಆ ರಾಗ, ತಾಳವಿಲ್ಲದೆ, ಇಪ್ಪತ್ತು ಸೆಕೆಂಡಿನಿಂದ ಎರಡೂವರೆ ನಿಮಿಷಕ್ಕೆ ಬೆಳೆದಿತ್ತು. ಲೋಲಾಕ್ಷಿ ಮಾತಾಡುವಲ್ಲಿ ಅದನ್ನು ತಗ್ಗಿಸಿದಳು, ಮೌನ ಬಂದಲ್ಲಿ ಏರಿಸಿದಳು. ಕೊನೆಯಲ್ಲಿ ಸ್ಟೀಮರಿಗೆ ಹೊಸ ಸುರಕ್ಷತಾ ವಾಲ್ವ್ ಜೋಡಿಸುವ ದೃಶ್ಯಕ್ಕೆ ಭರವಸೆ ಬೇಕೆಂದು ಕಂಪನಿಯವರು ಕೇಳಿದ್ದರಿಂದ, ಅದೇ ರಾಗಕ್ಕೆ ಗಿಟಾರು ಸೇರಿಸಿ ಚುರುಕು ಮಾಡಿಸಿದಳು. ಕಾರ್ಖಾನೆಯ ಸಭಾಂಗಣದಲ್ಲಿ ಗಂಡಸರು ಕಣ್ಣೊರೆಸಿಕೊಂಡರಂತೆ.

ಚುರುಕಾದ ಆ ತುಣುಕು ಕಂಪನಿಗೆ ಬಹಳ ಹಿಡಿಸಿತು. ಬೇರೆ ಕಡೆಗೂ ಬೇಕು ಎಂದರು. ಇಂದುಶೇಖರ್ ಕೊಟ್ಟರು.

ಮಾರ್ಚಿನಲ್ಲಿ ಲೋಲಾಕ್ಷಿ ಅಪಘಾತದ ವರದಿಯ ನಕಲಿಗಾಗಿ ಕಂಪನಿಗೆ ಫೋನು ಮಾಡಿದಳು. ದಯವಿಟ್ಟು ಕಾಯಿರಿ ಎಂದಿತು ಒಂದು ದನಿ, ಆಮೇಲೆ ಸಂಗೀತ. ಕಿವಿಯಲ್ಲಿ ಅವಳ ಗಂಡನ ರಾಗ, ಗಿಟಾರಿನ ಜೊತೆ, ಕುಣಿಯುತ್ತಿತ್ತು. ನಡುನಡುವೆ ಆ ದನಿ ಬೇಸಿಗೆಯ ರಿಯಾಯಿತಿಯ ಬಗ್ಗೆ ಹೇಳುತ್ತಿತ್ತು. ಇಪ್ಪತ್ತೆರಡು ನಿಮಿಷ ಕಾದ ಮೇಲೆ ಲೈನು ಕಡಿಯಿತು. ನಕಲು ಬೇಕಿತ್ತಲ್ಲ, ಮಾರನೆಯ ದಿನವೂ ಮಾಡಿದಳು, ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ಸಿಂಧೂರಳಿಗೆ ಮಾಡಿದಳು.

"ನೀವು ಕೊಟ್ಟದ್ದಾ?" ಎಂದು ಕೇಳಿದಳು. ಬೈಯಲಿಲ್ಲ.

ಸಿಂಧೂರ ಎಲ್ಲ ಹೇಳಿಬಿಟ್ಟಳು, ಚೌಕದ ವಿಷಯವನ್ನೂ. ನಿಲ್ಲಿಸಲು ಏನು ಮಾಡಬೇಕೋ ಮಾಡುತ್ತೇನಕ್ಕ ಎಂದಳು. ಹಾಗೆ ಹೇಳಿದಾಗ ಅದು ಸುಳ್ಳಾಗಿರಲಿಲ್ಲ. ದೆಹಲಿಯ ಪೀತಂಪುರಾದ ಕನ್ನಡದ ವಕೀಲರೊಬ್ಬರ ಬಳಿಗೆ ಅವಳನ್ನು ಕರೆದುಕೊಂಡೂ ಹೋದಳು. ರಾಗ ಗೋಪಾಲನದ್ದೇ ಆದರೆ ಹಕ್ಕು ಅವನ ವಾರಸುದಾರರಿಗೆ ಸೇರುತ್ತದೆ, ಆದರೆ ಅವನದ್ದೇ ಎಂದು ತೋರಿಸಬೇಕಲ್ಲ ಎಂದರು ವಕೀಲರು. ಅವನ ದನಿಯ ರೆಕಾರ್ಡಿಂಗ್ ಒಂದೂ ಇರಲಿಲ್ಲ. ಇದ್ದದ್ದು ಒಂದೇ: ಸ್ಟುಡಿಯೋದ ಸರ್ವರಿನಲ್ಲಿದ್ದ ಶೂಟಿಂಗಿನ ಮೂಲ ವಿಡಿಯೋ. ಅದರಲ್ಲಿ, ಚಿತ್ರಕ್ಕೆ ಸೇರದ ಭಾಗದಲ್ಲಿ, ಲೋಲಾಕ್ಷಿ ಗುನುಗಿ, ಅವರೇ ಕಟ್ಟಿದ್ದು ಎಂದಿದ್ದಳು. ಚಿತ್ರ ತಯಾರಾಗುವ ಮೊದಲಿನ ತಾರೀಕೂ ಅದರಲ್ಲಿತ್ತು. ವಕೀಲರ ನೋಟಿಸು ಕಂಪನಿಗೆ ಹೋಯಿತು, ಕಂಪನಿಯಿಂದ ಸ್ಟುಡಿಯೋಗೆ ಬಂತು.

ಇಂದುಶೇಖರ್ ಸಿಂಧೂರಳನ್ನು ಕರೆದು ಬಾಗಿಲು ಹಾಕಿದರು. ಸಿಟ್ಟಾಗಲಿಲ್ಲ, ಚಹಾ ತರಿಸಿದರು. ಚೌಕ ಒತ್ತಿದ್ದು ಯಾರ ಹೆಸರಿನ ಲಾಗಿನ್‌ನಿಂದ ಎಂದು ಕೇಳಿದರು. ಅವಳದೇ. ಸುಳ್ಳು ಹೇಳಿ ಅಪ್‌ಲೋಡ್ ಮಾಡಿದ್ದು ಅವಳೇ ಎಂದಾದರೆ ಸ್ಟುಡಿಯೋ ಅವಳ ಹಿಂದೆ ನಿಲ್ಲಲಾಗದು, ನೋಯ್ಡಾದಲ್ಲಿ ಇನ್ನಾರೂ ಕೆಲಸ ಕೊಡಲಾರರು ಎಂದು ಮಗಳಿಗೆ ಬುದ್ಧಿ ಹೇಳುವವರಂತೆ ಹೇಳಿದರು. ಆಮೇಲೆ ಒಂದು ಹಾಳೆ ಮುಂದಿಟ್ಟರು. ಮೂಲ ರಾಗವನ್ನು ನಾನೇ ರಚಿಸಿದೆ, ಅದರ ಹಕ್ಕನ್ನು ಸ್ಟುಡಿಯೋಗೆ ಕೊಟ್ಟಿದ್ದೇನೆ ಎಂದು ಸಿಂಧೂರಳ ಹೆಸರಿನಲ್ಲಿ ಅದರಲ್ಲಿ ಬರೆದಿತ್ತು.

"ಚಲೋ, ಸಹಿ ಹಾಕು. ಆ ಹಳೇ ಫುಟೇಜು ಸರ್ವರಿನಲ್ಲಿ ಸುಮ್ನೆ ಜಾಗ ತಿಂತಾ ಇದೆ, ಅದನ್ನೂ ತೆಗೆದುಬಿಡು."

ಸಿಂಧೂರ ಸಹಿ ಹಾಕಿದಳು. ಫುಟೇಜು ಅಳಿಸುವ ಮೊದಲು ಒಮ್ಮೆ ನೋಡಿದಳು. ಪೆನ್‌ಡ್ರೈವ್ ಚೀಲದಲ್ಲೇ ಇತ್ತು, ನಕಲು ಇಟ್ಟುಕೊಳ್ಳಲು ಅದನ್ನು ತೆಗೆಯಲಿಲ್ಲ. ಅಳಿಸಿದಳು.

ಹತ್ತು ದಿನಕ್ಕೆ ಕಂಪನಿಯ ಉತ್ತರ ಲೋಲಾಕ್ಷಿಯ ಕೈ ಸೇರಿತು, ಆ ಹಾಳೆಯ ನಕಲಿನ ಸಮೇತ. ಅವಳು ಸ್ಟುಡಿಯೋಗೇ ಬಂದಳು. ಎರಡು ಬಸ್ಸು ಬದಲಿಸಿ ಬಂದ ಬೆವರು ಮುಖದಲ್ಲಿ ಹಾಗೇ ಇತ್ತು. ಎಲ್ಲರೂ ಕೆಲಸ ಮಾಡುತ್ತಿದ್ದ ಹಾಲ್‌ನಲ್ಲಿ, ಸಿಂಧೂರಳ ಕುರ್ಚಿಯ ಪಕ್ಕ ನಿಂತಳು.

"ನೀವು ಕಟ್ಟಿದ ರಾಗ ಅಂತೆ," ಎಂದಳು. "ನಾನು ಆವತ್ತು ಅರ್ಧ ಮಾತ್ರ ಗುನುಗಿದ್ದು. ಉಳಿದರ್ಧ ಉಂಟು. ಹಾಡಿ ನೋಡುವ."

ಸಿಂಧೂರಳಿಗೆ ತಿಳಿದಿದ್ದ ಮುಂದಿನ ಭಾಗವೆಂದರೆ ಯಂತ್ರ ಹೊಸೆದದ್ದು. ಅದೇ ಅವಳ ತಲೆಯೊಳಗೆ ತಾನಾಗಿ ಮುಂದುವರಿಯುತ್ತಿತ್ತು, ಕೊಳಲಿನ ಜೊತೆ.

ಲೋಲಾಕ್ಷಿ ಕಾದಳು. ಇಂದುಶೇಖರ್ ತಮ್ಮ ಕೋಣೆಯಿಂದ ಹೊರಬಂದು, ಇದು ಆಫೀಸು, ಕೂತು ಮಾತಾಡೋಣ ಬನ್ನಿ ಎಂದರು. ಅವಳು ಅವರ ಕಡೆ ತಿರುಗಲೂ ಇಲ್ಲ.

"ಬೇಡ, ನನಗೂ ಈಗ ಸರಿ ನೆನಪಾಗುವುದಿಲ್ಲ," ಎಂದಳು ಸಿಂಧೂರಳಿಗೆ. "ಫೋನಿನಲ್ಲಿ ಕೇಳಿ ಕೇಳಿ, ಗುನುಗಲಿಕ್ಕೆ ಹೋದರೆ ನಿಮ್ಮದೇ ಬರ್ತದೆ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಮೊಕದ್ದಮೆ ಹೂಡಲಿಲ್ಲ. ಅಪಘಾತದ ವರದಿಯ ನಕಲು ಕೊನೆಗೂ ಸಿಕ್ಕಿತೋ ಇಲ್ಲವೋ ಸಿಂಧೂರಳಿಗೆ ತಿಳಿಯಲಿಲ್ಲ. ಎರಡು ಸಲ ಫೋನು ಮಾಡಿದಳು, ಲೋಲಾಕ್ಷಿ ಎತ್ತಲಿಲ್ಲ.

ಜೂನಿನಲ್ಲಿ ಸಿಂಧೂರಳಿಗೆ ಬಡ್ತಿಯಾಯಿತು. ಸ್ಟುಡಿಯೋದ ಎಲ್ಲ ಚಿತ್ರಗಳ ಸಂಗೀತದ ಹಕ್ಕುಪತ್ರಗಳನ್ನು ಪರಿಶೀಲಿಸುವ ಹೊಣೆಯನ್ನು ಇಂದುಶೇಖರ್ ಅವಳಿಗೇ ವಹಿಸಿದರು.