ಹಸಿ ಕಾಂಕ್ರೀಟಿಗೆ ಇಟ್ಟ ಮುಹೂರ್ತ

ನನ್ನ ಕಾಗುಣಿತವೂ ಕೈಬರಹವೂ ಚೆನ್ನಾಗಿಲ್ಲ. ಓದುಗರು ದಯಮಾಡಿ ಮನ್ನಿಸಬೇಕು.

ಯರಗಟ್ಟಿ ಸಮೀಪದ ಕುಡಿಯುವ ನೀರಿನ ಕಾಮಗಾರಿಯಲ್ಲಿ ನಾನು ಕಿರಿಯ ಎಂಜಿನಿಯರ್ ಆಗಿದ್ದೆನು. ಪೈಪು ತಿರುಗುವಲ್ಲಿ ಆಸರೆಗೆ ಹಾಕಿದ ಕಾಂಕ್ರೀಟ್ ಇನ್ನೂ ಹಸಿಯಾಗಿದ್ದಿತು. ಒತ್ತಡ ಪರೀಕ್ಷೆಯೂ ಆಗಿರಲಿಲ್ಲ. ಆದರೂ ನಮ್ಮ ಹಿರಿಯ ಎಂಜಿನಿಯರ್ ಸಾಹೇಬರು, "ಮುಹೂರ್ತ ಮೀರತೈತಿ, ಕಾಯಿ ಒಡದು ನೀರ ಬಿಡ್ರಿ" ಎಂದು ಆಜ್ಞಾಪಿಸಿದರು. ಬೇಡವೆಂದ ನನ್ನ ಮಾತು ನಡೆಯಲಿಲ್ಲ. ನೀರು ಬಿಟ್ಟೊಡನೆ ಪೈಪು ಜೋಡಣೆಯಲ್ಲಿ ಕಳಚಿ, ಪಕ್ಕದ ಗೋವಿನಜೋಳದ ಹೊಲ ಕೆರೆಯಾಯಿತು. ಸಾಹೇಬರು ಊರವರೆದುರು ನನ್ನತ್ತ ಬೆರಳು ತೋರಿ, "ಇಂವಾ ಕಾಲಿಟ್ಟಲ್ಲೆ ಹಿಂಗ ನೋಡ್ರಿ" ಎಂದರು. ಜನ ನಕ್ಕರು. ಆ ನಗೆಯನ್ನು ನಾನು ಮರೆಯಲಿಲ್ಲ.

ಕಾಮಗಾರಿ ಮುಗಿದ ಮೇಲೆ ಕಲಿತ ಪಾಠಗಳ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಯಾರನ್ನೂ ಹೆಸರಿಸಬಾರದು, ದೂಷಿಸಬಾರದು ಎಂಬುದು ನಿಯಮ. ಅದನ್ನು ಅಕ್ಷರಶಃ ಪಾಲಿಸಿದೆನು. "ಆಸರೆಯ ಕಾಂಕ್ರೀಟ್ ಗಟ್ಟಿಯಾಗುವ ಮುನ್ನ, ಪರೀಕ್ಷೆಯಿಲ್ಲದೆ, ಮುಹೂರ್ತಕ್ಕಾಗಿ ನೀರು ಬಿಡಲಾಯಿತು. ಸ್ಥಳದಲ್ಲಿ ವ್ಯಕ್ತವಾದ ಆಕ್ಷೇಪವನ್ನು ಪರಿಗಣಿಸಲಿಲ್ಲ. ಮುಂದೆ ಪರೀಕ್ಷೆ ಮುಗಿದ ಬಳಿಕವೇ ಮುಹೂರ್ತ ನಿಗದಿಪಡಿಸತಕ್ಕದ್ದು."

ಸವದತ್ತಿಯ ಕಚೇರಿಯ ಸಭೆಯಲ್ಲಿ ಇದನ್ನು ಬೇಕೆಂದೇ ನಿಧಾನವಾಗಿ ಓದಿದೆನು. ಎಲ್ಲರೂ ಸಾಹೇಬರ ಕಡೆಗೆ ತಿರುಗಿದರು.

"ಇದು ನನಗ ಅಂದಂಗೈತಲ್ಲೋ!" ಎಂದರು ಸಾಹೇಬರು.

"ನಿಮ್ಮ ಹೆಸರ ಎಲ್ಲೈತ್ರಿ, ಸಾಹೇಬ್ರ?" ಎಂದೆನು.

ಸಭೆಗೆ ಬಂದಿದ್ದ ಗುತ್ತಿಗೆದಾರರು ಕೆಮ್ಮುತ್ತ, "ಹೆಸರರ ಯಾಕ ಬೇಕ್ರಿ ಇದಕ್ಕ?" ಎಂದರು. ಈ ಸಲ ಜನ ನಕ್ಕದ್ದು ನನ್ನನ್ನು ನೋಡಿ ಅಲ್ಲ.

ಪ್ರತಿ ಹೊಸ ಕಾಮಗಾರಿಯ ಮೊದಲ ಸಭೆಯಲ್ಲಿ ಈ ವರದಿಯನ್ನು ಓದತಕ್ಕದ್ದೆಂಬ ನನ್ನ ಶಿಫಾರಸೂ ಅಂಗೀಕಾರವಾಯಿತು. ಆ ಸಭೆಗಳಿಗೆ ಸಾಹೇಬರೇ ಅಧ್ಯಕ್ಷರು, ಓದುವವನು ನಾನು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಿದ್ದಿಕೊಡಬೇಕಾಗಿ ವಿನಂತಿ.