ರಾಜಾಸಾಬರ ಎರಡು ಸುಳ್ಳು ಮಷೀನುಗಳು

ರಾಜಾಸಾಬರ ಹೆಸರು ಎತ್ತಿದರೆ ನನಗೆ ಮೊದಲು ಬರುವುದು ಸಿಟ್ಟು. ನಗು ಬರುವುದು ಆಮೇಲೆ. ಕುಷ್ಟಗಿಯ ನಮ್ಮ ಪಾಲಿಟೆಕ್ನಿಕ್‌ನಲ್ಲಿ ನಾನು ಥರ್ಮಲ್ ಎಂಜಿನಿಯರಿಂಗ್ ಕಲಿಸುವ ಸುರೇಖಾ ಮೇಡಮ್. ಅವರು ಕೆಳಗಿನ ರೆಫ್ರಿಜರೇಶನ್ ಲ್ಯಾಬಿನಲ್ಲಿ ಹೆಲ್ಪರ್. ಕಾಗದದ ಮೇಲೆ ಹೆಲ್ಪರ್, ಅಷ್ಟೆ. ಲ್ಯಾಬಿನ ಪಾಠವೆಲ್ಲ ಅವರದೇ. ಕಂಪ್ರೆಸರಿನ ಮೇಲೆ ಅಂಗೈ ಇಟ್ಟು, "ಇದಕ್ಕ ಎಣ್ಣಿ ಕಮ್ಮಿ ಆಗೇತಿ ನೋಡ್ರಿ" ಎಂದರೆ ಮುಗಿಯಿತು, ಬಿಚ್ಚಿ ನೋಡುವ ಅಗತ್ಯವೇ ಇಲ್ಲ. ಆದರೂ ಅವರು ಬಿಚ್ಚಿ ನೋಡುತ್ತಿದ್ದರು. ಬಿಚ್ಚಿ ನೋಡದ ಮಷೀನಿನ ಬಗ್ಗೆ ಬಾಯಿ ಬಿಡಬಾರದು ಎಂಬುದು ಅವರ ಹಟ.

ಈ ಹಟವೇ ಅವರ ಬದುಕಿಗೆ ಅಡ್ಡ ಮಲಗಿತ್ತು. ಇಪ್ಪತ್ತೇಳು ವರ್ಷದ ಹಿಂದೆ ಅವರೂ ಡಿಪ್ಲೊಮಾ ಓದಿದವರೇ. ಎಲ್ಲ ವಿಷಯ ಪಾಸು, ಥರ್ಮಲ್ ಒಂದು ಬಾಕಿ. ಎಷ್ಟು ಸಲ ಕೂತರೂ ಬಾಕಿ. ಯಾರಾದರೂ "ನಿಮ್ಮ ಮನಿಯವರು ಏನ್ ಓದ್ಯಾರ?" ಎಂದು ಕೇಳಿದರೆ ಅವರ ಹೆಂಡತಿ ಜುಬೇದಾಬೀ "ಡಿಪ್ಲೊಮಾ, ಒಂದ ಉಳದೈತ್ರಿ" ಎನ್ನುತ್ತಿದ್ದರು. ಹಾಗೆ ಅಂದು ಅಂದು ಆ ಹೆಂಗಸಿನ ನಾಲಿಗೆ ಸವೆದಿತ್ತು. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಕೊನೆಯದೊಂದು ಅವಕಾಶ ಎಂದು ಪ್ರಕಟಣೆ ಬಂತು. ಇದಾದ ಮೇಲೆ ಇನ್ನೊಂದಿಲ್ಲ. ಪಾಸಾದರೆ ಅವರು ಇನ್ಸ್‌ಟ್ರಕ್ಟರ್. ಆಗದಿದ್ದರೆ ಐವತ್ತರ ಮನುಷ್ಯ ನಿವೃತ್ತಿಯವರೆಗೂ ಹೆಲ್ಪರ್.

ನಾನೇ ಕೆಳಗಿಳಿದು ಹೋಗಿ, "ಎಲ್ಲಿ ಸಿಕ್ಕಿಬೀಳ್ತೀರಿ ಹೇಳ್ರಿ" ಎಂದೆ.

"ಆ ಪ್ರಶ್ನಿ ಬರತೈತ್ರಿ ಮೇಡಮ್. ಪ್ರತಿ ಸಲ ಬರತೈತಿ. ಎರಡನೇ ನಿಯಮದ ಎರಡೂ ಮಾತು ಒಂದ ಅಂತ ತೋರ್ಸೂದು."

ಪ್ರಶ್ನೆ ಇಷ್ಟೇ. ಉಷ್ಣದ ಎರಡನೇ ನಿಯಮವನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಎಂಜಿನ್ನಿನವರ ಮಾತು: ಬಿಸಿ ಕಡೆಯಿಂದ ಶಾಖ ತೆಗೆದುಕೊಂಡು, ತಣ್ಣನೆಯ ಕಡೆಗೆ ಒಂದಿಷ್ಟೂ ಚೆಲ್ಲದೆ, ಎಲ್ಲವನ್ನೂ ಕೆಲಸವಾಗಿಸುತ್ತ ತಿರುಗುತ್ತಲೇ ಇರುವ ಎಂಜಿನ್ ಇರಲಾರದು. ಫ್ರಿಜ್ಜಿನವರ ಮಾತು: ಹೊರಗಿನಿಂದ ಏನೂ ಕೆಲಸ ಪಡೆಯದೆ ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಶಾಖ ಹೊರುತ್ತಲೇ ಇರುವ ಫ್ರಿಜ್ ಇರಲಾರದು. ಕೇಳಲು ಬೇರೆ ಬೇರೆ, ಒಳಗೆ ಒಂದೇ. ಒಂದು ಮುರಿದರೆ ಇನ್ನೊಂದೂ ಮುರಿಯುತ್ತದೆ ಎಂದು ತೋರಿಸಿದರೆ ಸಾಕು. ಅದಕ್ಕೆ ಇಲ್ಲದ ಮಷೀನೊಂದನ್ನು ಇದೆ ಎಂದು ಊಹಿಸಿಕೊಂಡು ಚಿತ್ರ ಬರೆಯಬೇಕು.

"ಅಲ್ಲೇ ನೋಡ್ರಿ ಕೈ ನಿಲ್ಲತೈತಿ. ಕರೆಂಟ್ ಇಲ್ಲದ ಫ್ರಿಜ್ ಇಲ್ಲೇ ಇಲ್ಲ ಅಂತ ನೀವ ಅಂತೀರಿ. ಮತ್ತ ಅದರದ ಚಿತ್ರ ಬರೀ ಅಂತೀರಿ. ಸುಳ್ಳು ಮಷೀನು ಹೆಂಗ್ ಬರೀಲ್ರಿ?"

"ಊಹಿಸ್ಕೊಳ್ರಿ!"

"ನಾ ಊಹಿಸ್ಕೊಂಡು ಒಂದ ಫ್ರಿಜ್ಜನೂ ರಿಪೇರಿ ಮಾಡಿಲ್ರಿ."

ಎರಡು ವಾರ ತಲೆ ಚಚ್ಚಿಕೊಂಡೆ. ಒಂದು ದಿನ ಪುಸ್ತಕ ಮೇಜಿಗೆ ಕುಕ್ಕಿ, "ನಿಮಗ ಕಲಿಸೋದಕ್ಕಿಂತ ಆ ಕಂಪ್ರೆಸರಿಗೆ ಕಲಿಸಿದ್ರ ಪಾಸಾಗತಿತ್ತು" ಎಂದು ಬೈದೇ ಬಿಟ್ಟೆ. ಅವರು ನಕ್ಕರು. ಆ ನಗುವಿಗೆ ನನಗೆ ಇನ್ನಷ್ಟು ಸಿಟ್ಟು ಬಂತು.

ಆ ವಾರವೇ ನಮ್ಮ ಮನೆಯ ಫ್ರಿಜ್ ಕೈಕೊಟ್ಟಿತು. ಏಪ್ರಿಲ್ ಬಿಸಿಲು, ಮನೆಯಲ್ಲಿ ಮೊಸರು ಹುಳಿ ಹುಳಿ. ರಾಜಾಸಾಬರನ್ನು ಕರೆದೆ. ಸಂಜೆ ಚೀಲ ಹಿಡಿದು ಬಂದು, ಹಿಂದೆ ಮುಂದೆ ನೋಡಿ, ಫ್ರೀಜರಿನ ಗೋಡೆಯಲ್ಲಿ ಗ್ಯಾಸು ಸೋರಿಹೋದ ಸಣ್ಣ ತೂತೊಂದರ ಮೇಲೆ ಬೆರಳಿಟ್ಟು ಕೇಳಿದರು:

"ಫ್ರೀಜರಿನಾಗಿನ ಬರ್ಫು ಚಾಕುಲೆ ಕೆರದ್ರೇನ್ರಿ ಮೇಡಮ್?"

"ಛೇ ಛೇ, ನಾ ಯಾಕ ಕೆರೀಲಿ?" ಎಂದೆ. ಕೆರೆದಿದ್ದೆ. ಹಿಂದಿನ ದಿನವೇ, ಈಳಿಗೆಯ ಪಕ್ಕದಲ್ಲಿದ್ದ ದೊಡ್ಡ ಚಾಕುವಿನಿಂದ. ಥರ್ಮಲ್ ಕಲಿಸುವವಳು ಹಾಗೆ ಮಾಡಿದೆ ಎಂದು ಒಪ್ಪಿಕೊಳ್ಳುವುದು ಹೇಗೆ?

"ಆತ್ರಿ, ನಿಮ್ಮ ಮಾತು ನಿಜಾ ಅಂತ ಇಟ್ಟಗೊಳ್ಳೂಣು," ಎಂದರು ಸಮಾಧಾನವಾಗಿ. "ಚಾಕು ಹಚ್ಚಿಲ್ಲ. ಹಂಗಾದ್ರ ಈ ತೂತು ತಾನ ಬಿದ್ದಿರಬೇಕು. ತಾನ ಬಿದ್ದದ್ದಾದ್ರ ತುಕ್ಕು ಇರಬೇಕು. ತುಕ್ಕು ಇಲ್ಲ. ತುಕ್ಕಿಲ್ಲದ ತೂತು ಬಿದ್ದೈತಿ, ಅದೂ ಬರೋಬ್ಬರಿ ಚಾಕುವಿನ ಮೂತಿಯಷ್ಟು. ಹಂಗಾದ್ರ ಫ್ರಿಜ್ಜ ತನಗ ತಾನ ಚಾಕು ಹಾಕ್ಕೊಂಡಂಗಾತ್ರಿ."

ನನ್ನ ಮುಖ ಕೆಂಪಗಾಯಿತು. ಆಮೇಲೆ ತಟ್ಟನೆ ಹೊಳೆದು ಕೂಗಿಕೊಂಡೆ: "ರಾಜಾಸಾಬ್ರ! ಈಗ ಏನ್ ಮಾಡಿದ್ರಿ ನೀವು?"

"ತಪ್ಪಾತೇನ್ರಿ?" ಎಂದು ಅವರು ಗಾಬರಿಯಾದರು.

"ನನ್ನ ಸುಳ್ಳು ನಿಜಾ ಅಂತ ನಂಬಿದ್ರಿ. ನಂಬಿ, ಅದರ ಹಿಂದ ಹೋಗಿ, ಅದು ಎಡವಿ ಬೀಳೋತನಕ ನಡಿಸಿದ್ರಿ. ಗಿರಾಕಿಗಳ ಜೊತಿ ದಿನಾ ಇದನ್ನ ಮಾಡ್ತೀರಲ್ಲ? ಪರೀಕ್ಷಾದಾಗೂ ಇದ ಬೇಕಾಗಿರೋದು! ಕರೆಂಟಿಲ್ಲದ ಫ್ರಿಜ್ಜು ಒಬ್ಬ ಸುಳ್ಳ ಗಿರಾಕಿ. ನಂಬ್ರಿ ಅವನ್ನ!"

ಅವರು ಚೀಲ ಕೆಳಗಿಟ್ಟರು. ನನ್ನ ಅಡುಗೆಮನೆಯ ನೆಲದ ಮೇಲೆಯೇ ಕೂತು, ನನ್ನ ಮಗಳ ಹಳೆಯ ನೋಟ್‌ಬುಕ್ ಕೇಳಿ ತೆಗೆದುಕೊಂಡರು.

"ಜೂಲ್ ಗೀಲ್ ಅನ್ನೂ ಅಳತಿ ಬ್ಯಾಡ್ರಿ ಮೇಡಮ್, ಕೊಡದ ಲೆಕ್ಕದಾಗ ಹೇಳ್ತೀನಿ. ಮ್ಯಾಲ ಬಿಸಿ, ಕೆಳಗ ತಂಪು. ನಮ್ಮ ಖರೇ ಎಂಜಿನ್ನು ಮ್ಯಾಲಿಂದ ಹತ್ತು ಕೊಡ ಶಾಖ ತಗೊಂತು. ಮೂರು ಕೊಡದಷ್ಟು ಕೆಲಸ ಮಾಡ್ತು, ಏಳು ಕೆಳಗ ಚೆಲ್ತು. ಇದು ಪ್ರಾಮಾಣಿಕ ಮನಷ್ಯಾ. ಈಗ ಸುಳ್ಳ ಗಿರಾಕಿ ಬಂದ. ಕರೆಂಟ್ ಇಲ್ದ ಹೊರತೀನಿ ಅಂದ. ಆತಪಾ, ಹೊರು. ಕೆಳಗಿನ ಆ ಏಳೂ ಕೊಡ ಎತ್ತಿ ಮ್ಯಾಲಿಟ್ಟ."

"ಕೆಳಗ ಏನು ಉಳೀತು?"

"ಕೆಳಗ ಏಳು ಬಂತು, ಏಳು ಹೋತು. ಏನೂ ಆಗಿಲ್ಲ. ಮ್ಯಾಲ ಹತ್ತು ಹೋತು, ಏಳು ಬಂತು. ಮೂರು ಕಮ್ಮಿ. ಕೆಲಸ? ಮೂರು." ಪೆನ್ನು ನಿಂತಿತು. ಎರಡೂ ಮಷೀನುಗಳ ಸುತ್ತ ನಿಧಾನವಾಗಿ ಒಂದು ಚೌಕ ಎಳೆದರು. "ಯಾ ಅಲ್ಲಾ! ಎರಡನ್ನೂ ಒಂದ ಡಬ್ಬ್ಯಾಗ ಮುಚ್ಚಿಟ್ರ ಇದು ಮೂರು ತಗೊಂಡು ಮೂರೂ ಕೆಲಸ ಮಾಡೂ ಎಂಜಿನ್ನು! ಕೆಳಗ ಒಂದ ಹನಿ ಚೆಲ್ಲಿಲ್ಲ! ಇವ ಇನ್ನೊಬ್ಬ ಸುಳ್ಳ ಅಲ್ಲೇನ್ರಿ?"

ನಾನು ಚಪ್ಪಾಳೆ ತಟ್ಟಿದೆ. ಇಪ್ಪತ್ತು ವರ್ಷ ಕಲಿಸಿದ ಆ ಪಾಠ ಅವತ್ತು ನನಗೂ ಹೊಸದಾಗಿ ಕಂಡಿತು.

"ಅರ್ಧ ಆತು," ಎಂದೆ. "ಈಗ ಉಲ್ಟಾ ತೋರಸ್ರಿ. ಎಂಜಿನ್ ಸುಳ್ಳನ್ನ ನಂಬಿದ್ರ ಫ್ರಿಜ್ ಸುಳ್ಳು ಹೊರಗ ಬರಬೇಕು. ಎರಡೂ ಕಡೆ ತೋರಿಸಿದ್ರನ ಎರಡೂ ಒಂದ ಅನ್ನೋದು."

"ಅಯ್ಯ, ಅದರಾಗೇನೈತ್ರಿ? ಏಸಿ ಉಲ್ಟಾ ಓಡ್ಸಿದ್ರ ಹೀಟರ್ ಆಗತೈತಲ್ಲ, ಹಂಗ. ಬಾಣ ಎಲ್ಲಾ ತಿರುಗಿಸಿದ್ರಾತು." ಸರಸರ ಬಾಣಗಳನ್ನು ತಿರುಗಿಸಿ ನೋಟ್‌ಬುಕ್ ನನ್ನ ಮುಂದೆ ಹಿಡಿದರು. ಮುಖದ ಮೇಲೆ ಗೆದ್ದ ಕಳೆ.

ಫ್ರಿಜ್ ಬಿಚ್ಚಿ ಬಿಚ್ಚಿ ಬೆಳೆದವನು ಮಾತ್ರ ಮಾಡುವ ತಪ್ಪು ಇದು. "ಕೂಡಿಸ್ರಿ," ಎಂದೆ.

ಕೂಡಿಸಿದರು. ಮೂರು ಕೊಡ ಕೆಲಸ ಒಳಗೆ ಬಂತು. ಏಳು ಮೇಲೇರಿತು, ಏಳು ತಾನಾಗಿ ಕೆಳಗಿಳಿಯಿತು. ಕೊನೆಗೆ ಉಳಿದದ್ದು, ಮೂರು ಕೊಡ ಕೆಲಸ ಮೂರು ಕೊಡ ಬಿಸಿಯಾದದ್ದು ಅಷ್ಟೇ.

ತಲೆ ಕೆರೆದುಕೊಂಡರು. "ಇದು... ಕರೆಂಟ್ ಒಲಿ ಆತಲ್ರಿ?"

"ಒಲೀನ! ಚಹಾ ಇಡ್ಲೇನು ಇದರ ಮ್ಯಾಲ? ಇದರಾಗ ಯಾವ ಸುಳ್ಳು ಐತಿ? ಯಾವ ನಿಯಮ ಮುರೀತು?"

ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಚಹಾವನ್ನು ಗ್ಯಾಸ್ ಒಲೆಯ ಮೇಲೆಯೇ ಇಟ್ಟೆ. ಅದು ಕುದಿಯುವಷ್ಟರಲ್ಲಿ ಅವರು ಸರಿದಾರಿಗೆ ಬಂದಿದ್ದರು. ಬಾಣ ತಿರುಗಿಸುವುದಲ್ಲ, ಹೊಸ ಗಿರಾಕಿಯನ್ನು ಹೊಸದಾಗಿ ನಂಬಬೇಕು. ಸುಳ್ಳು ಎಂಜಿನ್ ಮೇಲಿಂದ ಮೂರು ಕೊಡ ತೆಗೆದುಕೊಂಡು ಮೂರನ್ನೂ ಕೆಲಸ ಮಾಡಿತು. ಆ ಕೆಲಸದಿಂದ ಲ್ಯಾಬಿನ ಪ್ರಾಮಾಣಿಕ ಫ್ರಿಜ್ ಓಡಿಸಿದರು. ಅದು ಕೆಳಗಿನಿಂದ ಆರು ಕೊಡ ಎತ್ತಿ, ಕೆಲಸದ ಮೂರನ್ನೂ ಸೇರಿಸಿ, ಒಂಬತ್ತನ್ನು ಮೇಲೆ ಹಾಕಿತು. ಮೇಲೆ ಮೂರು ಹೋಗಿ ಒಂಬತ್ತು ಬಂತು. ಎರಡನ್ನೂ ಚೌಕದಲ್ಲಿ ಮುಚ್ಚಿದರೆ ಆರು ಕೊಡ ಶಾಖ ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಪುಕ್ಕಟೆ ಹೋಗಿದೆ, ಹೊರಗಿನಿಂದ ಒಂದು ವೈರೂ ಇಲ್ಲ.

"ಸಿಕ್ಕಬಿದ್ದ ಮಗಾ!" ಎಂದು ನೆಲಕ್ಕೆ ಕೈ ಬಡಿದರು. "ಇಬ್ಬರೂ ಒಂದ ಮನ್ಯಾಗಿನ ಕಳ್ಳರು ನೋಡ್ರಿ. ಒಬ್ಬನ್ನ ಒಳಗ ಬಿಟ್ಕೊಂಡ್ರ ಇನ್ನೊಬ್ಬನೂ ಬಂದ!"

ಪರೀಕ್ಷೆ ಗಂಗಾವತಿಯಲ್ಲಿ. ನನಗೂ ಅದೇ ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಣೆ, ಆದರೆ ಎದುರಿನ ಕೋಣೆ. ಬಾಗಿಲಿನಿಂದ ಅವರು ಕಾಣುತ್ತಿದ್ದರು. ಸುತ್ತ ಮೀಸೆ ಚಿಗುರದ ಹುಡುಗರು, ನಡುವೆ ಕನ್ನಡಕದ ರಾಜಾಸಾಬರು. ಒಂದು ಗಂಟೆ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟರು. ಐದು ನಿಮಿಷ, ಹತ್ತು ನಿಮಿಷ, ಕೈ ಮೇಲೇಳಲಿಲ್ಲ. ನಾನು ಬಾಗಿಲಿಗೇ ಬಂದು ನಿಂತೆ. ಹೋಗಿ ಹೇಳುವ ಹಾಗಿಲ್ಲ, ಕಣ್ಣಲ್ಲಿ ಸನ್ನೆ ಮಾಡುವ ಹಾಗೂ ಇಲ್ಲ. ಅಷ್ಟರಲ್ಲಿ ಆ ಮನುಷ್ಯ ಒಬ್ಬರೇ ನಕ್ಕರು, ಪರೀಕ್ಷೆಯ ಹಾಲಿನಲ್ಲಿ! ಅಲ್ಲಿನ ಮೇಲ್ವಿಚಾರಕರು ಹುಬ್ಬು ಗಂಟಿಕ್ಕಿ ನೋಡಿದರು. ರಾಜಾಸಾಬರು ಏನೋ ಅಡ್ಡಗೆರೆ ಎಳೆದು, ಮತ್ತೆ ಬರೆಯತೊಡಗಿದರು.

ಹೊರಗೆ ಬಂದವರನ್ನು ಹಿಡಿದು ನಿಲ್ಲಿಸಿ, "ಏನ್ರಿ ಅದು ನಗು?" ಎಂದೆ.

"ಒಂದ ಕಡೆ ಬರದೆ. ಎರಡನೇದು ಬರೀವಾಗ ಮತ್ತ ಬಾಣ ತಿರುಗಿಸಿದ್ನಿರಿ. ಕೂಡಿಸಿ ನೋಡ್ತೀನಿ, ಒಲಿ!"

"ಆಮ್ಯಾಲ?"

"ಒಲಿ ಹೊಡದ ಹಾಕಿ, ಗಿರಾಕಿನ ಒಳಗ ಕರದೆ."

ಫಲಿತಾಂಶ ಬಂದ ದಿನ ನಾನೇ ಅವರ ಮನೆಗೆ ಹೋದೆ. ಫೋನಿನಲ್ಲಿ ತೋರಿಸಿದೆ: ಪಾಸು. ರಾಜಾಸಾಬರು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಜುಬೇದಾಬೀ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಏನೂ ಉಳದಿಲ್ಲೇನ್ರಿ ಬಾಯಾರ? ಖರೇನ ಏನೂ ಉಳದಿಲ್ಲ?" ಎಂದು ಕೇಳುತ್ತ ಕೇಳುತ್ತ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಮೂವರೂ ಅಳುತ್ತ ನಗುತ್ತ ಶಾವಿಗೆಯ ಶೀರಕುರ್ಮಾ ತಿಂದೆವು.

ಬಟ್ಟಲು ಕೆಳಗಿಟ್ಟು ರಾಜಾಸಾಬರು ನನ್ನ ಕಡೆ ವಾಲಿದರು. ಹೆಂಡತಿಗೆ ಕೇಳದಂತೆ ದನಿ ತಗ್ಗಿಸಿದರು.

"ಮೇಡಮ್, ಎರಡನೇ ನಿಯಮ ಆತು. ಮೂರನೇದು ಐತೇನ್ರಿ?"

"ಐತ್ರಿ," ಎಂದೆ.

ಅವರು ಎದ್ದು ಪೆನ್ನು ಹುಡುಕತೊಡಗಿದರು.